ಹಣ ಕಳಿಸಿದವರು ವಿದ್ಯಾರ್ಥಿಗೆ ಏನಾಗಬೇಕು?

ನಮ್ಮ ಬ್ಯಾಂಕಿನಲ್ಲಿ ಫಾರಿನ್ ಅಕ್ಕ ಅಂತ ಒಬ್ಬರಿದ್ದಾರೆ. ಫಾರಿನ್ನಿಗೆ ಹೋಗಿ ಬಂದವರೇನಲ್ಲ, ಪಾಸ್‌ಪೋರ್ಟೇ ಮಾಡಿಸಿಲ್ಲ. ರೈಲ್ವೆ ಗೇಟಿನ ಆಚೆ ಒಂದು ಮದುವೆಗೆ ಕರೆದರೂ "ಹೋಗಲೇಬೇಕಾ?" ಎಂದು ಕೇಳುವ ಹೆಂಗಸು. ಆದರೆ ನಮ್ಮ ಶಾಖೆಯಿಂದ ಯಾರೇ ಹೊರದೇಶಕ್ಕೆ ದುಡ್ಡು ಕಳಿಸಲಿ, ಅಲ್ಲಿಂದ ಯಾರಿಗೇ ದುಡ್ಡು ಬರಲಿ, ಅದು ಆಕೆಯ ಮೇಜು ದಾಟಿಯೇ ಹೋಗಬೇಕು. ಹಾಗಾಗಿ ಆ ಹೆಸರು. ಅದನ್ನು ಇಟ್ಟವಳು ನಾನೇ.

ನಾನು ಅದೇ ಶಾಖೆಯ ಕ್ಯಾಷಿಯರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗ್ರಾಹಕರು ಹೇಳುತ್ತಾರೆ. ದಿನವಿಡೀ ಗಾಜಿನ ಹಿಂದೆ ಕೂತು, ಬೆವರಿನಲ್ಲಿ ನೆನೆದ ನೋಟು ಬಿಡಿಸುತ್ತಾ ಹೋದರೆ ಅವರಿಗೂ ಬರುತ್ತದೆ. ನನ್ನ ಗೂಡಿನ ಹಿಂದೆ ಒಂದು ಚಿಕ್ಕ ಕೋಣೆ. ಮೊದಲು ಅಲ್ಲಿ ಕಾಗದ, ಶಾಯಿ, ಹಳೆಯ ಫ್ಯಾನು ಇಡುತ್ತಿದ್ದರು. ಈಗ ಅಕ್ಕನನ್ನು ಇಟ್ಟಿದ್ದಾರೆ. ಕಿಟಕಿ ತೆರೆದರೆ ಸ್ಕೂಟರ್ ನಿಲ್ಲಿಸುವ ಜಾಗ ಕಾಣುತ್ತದೆ. ಗೋಡೆಯ ಮೇಲೆ ಮೂರು ಗಡಿಯಾರ, ಮೂರೂ ಬೇರೆ ಬೇರೆ ಹೊತ್ತು ತೋರಿಸುತ್ತವೆ. ಹೊಸಬರು ಬಂದು "ಮೇಡಂ, ನಿಮ್ಮ ಗಡಿಯಾರ ಕೆಟ್ಟಿದೆ" ಅನ್ನುತ್ತಾರೆ. ಅಕ್ಕ "ಹೌದು, ರಿಪೇರಿಗೆ ಹೇಳಿದೀನಿ" ಅನ್ನುತ್ತಾರೆ. ಮಾತು ಬೆಳೆಸುವ ಚಾಳಿ ಆಕೆಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ಬೆಳೆಸುತ್ತಾರೆ. ಯಾರಾದರೂ ಬಂದು "ದುಡ್ಡು ಎಲ್ಲಿದೆ?" ಎಂದು ಕೇಳಿದರೆ ಸಾಕು, ಕುರ್ಚಿ ಎಳೆದು ಕೂರಿಸುತ್ತಾರೆ.

"ದುಡ್ಡು ಎಲ್ಲೂ ಹೋಗಲ್ಲಪ್ಪಾ. ಹೋಗೋದು ಮಾತು. ನಮ್ಮದು ಸಣ್ಣ ಬ್ಯಾಂಕು. ಪಶ್ಚಿಮದಲ್ಲಿ ದೊಡ್ಡಮ್ಮ ಅಂತ ಒಂದು ದೊಡ್ಡ ಬ್ಯಾಂಕಿದೆ ಅಂದ್ಕೊಳ್ಳಿ. ಅವಳ ಮನೇಲಿ ನಮ್ಮದೊಂದು ಡಬ್ಬಿ ಇದೆ, ಅದರಲ್ಲಿ ನಮ್ಮ ಡಾಲರ್ ಇರುತ್ತೆ. ನೀವು ಇಲ್ಲಿ ದುಡ್ಡು ಕಟ್ಟಿದ್ರೆ ನಾವು ದೊಡ್ಡಮ್ಮನಿಗೆ ಒಂದು ಸಂದೇಶ ಕಳಿಸ್ತೀವಿ. 'ನಮ್ಮ ಡಬ್ಬೀಲಿ ಇಷ್ಟು ತೆಗೆದು ಇಂಥವರಿಗೆ ಕೊಡಮ್ಮಾ' ಅಂತ. ಅವಳಿಗೆ ಅವರ ಪರಿಚಯ ಇದ್ರೆ ನೇರ ಕೊಡ್ತಾಳೆ. ಇಲ್ದಿದ್ರೆ ಅವರ ಊರಲ್ಲಿ ಪರಿಚಯ ಇರೋ ಇನ್ನೊಬ್ಬಳಿಗೆ ಹೇಳ್ತಾಳೆ. ಅವಳು ಚಿಕ್ಕಮ್ಮ. ಚಿಕ್ಕಮ್ಮ ಅವರ ಬ್ಯಾಂಕಿಗೆ ಕೊಡ್ತಾಳೆ. ಒಬ್ಬೊಬ್ಬರ ಮನೆ ಹೊಸ್ತಿಲಲ್ಲೂ ಒಂದಿಷ್ಟು ಹೊತ್ತು, ಒಂದಿಷ್ಟು ಕೂಲಿ."

"ಮತ್ತೆ ಕಂಪ್ಯೂಟರ್ ಇದೆಯಲ್ಲಾ ಮೇಡಂ, ಒಂದು ನಿಮಿಷದಲ್ಲಿ ಹೋಗಲ್ವಾ?"

"ಸಂದೇಶ ಒಂದು ನಿಮಿಷದಲ್ಲೇ ಹೋಗುತ್ತೆ. ದೊಡ್ಡಮ್ಮ ಏಳ್ಬೇಕಲ್ಲಾ."

ಕ್ಯಾಮೆರಾ ರಿಪೇರಿಯವನೊಬ್ಬನಿದ್ದ. ಹೊರದೇಶದಿಂದ ಬಿಡಿಭಾಗ ತರಿಸುತ್ತಿದ್ದ. ದಾರಿಯ ಖರ್ಚೆಲ್ಲ ಕಳಿಸುವವರೇ ಹೊರಬೇಕೋ, ಹಂಚಿಕೊಳ್ಳಬೇಕೋ ಎಂದು ಫಾರಂನಲ್ಲಿ ಕೇಳುತ್ತಾರೆ. ಇವನು ಜಾಣ, ಹಂಚಿಕೊಳ್ಳೋಣ ಎಂದು ಗುರುತು ಹಾಕಿದ. ಮಧ್ಯದ ಬ್ಯಾಂಕಿನವರು ತಮ್ಮ ಕೂಲಿಯನ್ನು ಕಳಿಸಿದ ಮೊತ್ತದಲ್ಲೇ ಮುರಿದುಕೊಂಡರು. ಅಲ್ಲಿಯ ವ್ಯಾಪಾರಿಗೆ ದುಡ್ಡು ಕಡಿಮೆ ಸೇರಿತು. ವ್ಯಾಪಾರಿಯೂ ಜಾಣನೇ. ಕಡಿಮೆ ಬಿದ್ದ ದುಡ್ಡಿಗೆ ಸರಿಯಾಗಿ ಒಂದು ಸ್ಪ್ರಿಂಗು ಕಡಿಮೆ ಕಳಿಸಿದ. ಆ ಸ್ಪ್ರಿಂಗಿಲ್ಲದೆ ಉಳಿದದ್ದೆಲ್ಲ ವ್ಯರ್ಥ. ಕ್ಯಾಮೆರಾದವನು ನನ್ನ ಗಾಜಿನ ಮುಂದೆ ಬಂದು ಕೂಗಾಡಿದ. ನಾನೂ ಕೂಗಾಡಿದೆ. ಅಕ್ಕ ಹೊರಗೆ ಬಂದು ಅವನಿಗೆ ನೀರು ಕೊಟ್ಟು, "ಇನ್ನೊಂದ್ಸಲ ಸ್ಪ್ರಿಂಗಿಗೇ ಒಂದು ಸಂದೇಶ ಕಳ್ಸೋಣ, ಈ ಸಲ ಖರ್ಚೆಲ್ಲ ನಿಮ್ಮದು" ಅಂದರು.

ಅಕ್ಕನ ಮನೆಯಲ್ಲಿ ಇರುವವರು ಇಬ್ಬರೇ, ಅಕ್ಕ ಮತ್ತು ಅವರ ತಂಗಿ. ತಾಯಿ ಹೋದಾಗ ತಂಗಿಗೆ ಇನ್ನೂ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅಕ್ಕ ಆಗಷ್ಟೇ ಬ್ಯಾಂಕಿಗೆ ಸೇರಿದ್ದರು. ಬೆಳಿಗ್ಗೆ ಜಡೆ ಹಾಕಿ ಶಾಲೆಗೆ ಬಿಟ್ಟು ಬಂದು ಕೂರುತ್ತಿದ್ದರಂತೆ. ಆಮೇಲೆ ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ. "ಹೊತ್ತೇ ಆಗ್ಲಿಲ್ಲ ಕಣೇ" ಅಂದರು. ಬ್ಯಾಂಕಿನವರು ಹೇಳುವ ಉತ್ತರವೇ ಅದು.

ತಂಗಿಗೆ ಈಗ ನಲವತ್ತು ದಾಟಿದೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ವರ್ಕ್‌ಶಾಪಿದೆ, ಅಲ್ಲಿ ಕೆಲಸ. ಕಾಲು ಸೊಟ್ಟಗಿರುವವರಿಗೆ, ಒಂದು ಕಾಲು ಗಿಡ್ಡವಿರುವವರಿಗೆ, ಸಕ್ಕರೆ ಕಾಯಿಲೆಯಿಂದ ಬೆರಳು ಹೋದವರಿಗೆ ಅವರವರ ಪಾದಕ್ಕೆ ಹೊಂದುವ ಚಪ್ಪಲಿ, ಬೂಟು ಮಾಡುತ್ತಾಳೆ. ಕೈಯಲ್ಲಿ ಸದಾ ಗೋಂದಿನ ವಾಸನೆ. ಬಾಯಿ ಮಾತ್ರ ಅಕ್ಕನಂತಲ್ಲ, ನನ್ನಂತೆ. ಅದಕ್ಕೇ ಅವಳನ್ನು ಕಂಡರೆ ನನಗೆ ಇಷ್ಟ.

ಅವಳಿಗೆ ಒಂದು ಆಸೆ ಇತ್ತು. ಬೂಟು ಮಾಡುವುದು ಬಂತು, ಇನ್ನು ಕಾಲೇ ಮಾಡುವುದು ಕಲಿಯಬೇಕು. ಪೂರ್ವದ ಕಡೆಯ ಒಂದು ದೇಶದಲ್ಲಿ ಕೃತಕ ಕೈಕಾಲು ಮಾಡಲು ಕಲಿಸುವ ಸ್ಕೂಲಿದೆ. ಅರ್ಜಿ ಹಾಕಿದಳು, ಸೀಟು ಸಿಕ್ಕಿತು. ಆ ವಯಸ್ಸಿನವರಿಗೆ ಅವರು ಕೊಡುವುದು ಕಡಿಮೆ, ಮುಂದಿನ ವರ್ಷ ವಯಸ್ಸಿನ ಮಿತಿ ದಾಟಿಹೋಗುತ್ತದೆ. ಸ್ಕೂಲಿನವರ ಷರತ್ತು ಒಂದೇ: ಶುಕ್ರವಾರ ಅವರ ಆಫೀಸು ಬಾಗಿಲು ಹಾಕುವ ಮೊದಲು ಫೀಸು ಅವರ ಖಾತೆಗೆ ಜಮಾ ಆಗಿರಬೇಕು. ಕಳಿಸಿದ್ದೇವೆ ಅನ್ನುವ ಕಾಗದ ತೋರಿಸಿದರೆ ನಡೆಯುವುದಿಲ್ಲ. ಜಮಾ ಆಗದಿದ್ದರೆ ಸೀಟು ಸಾಲಿನಲ್ಲಿ ಮುಂದಿನವರಿಗೆ.

ದುಡ್ಡು ಅಕ್ಕನದು. ನಿವೃತ್ತಿಗೆಂದು ಕೂಡಿಟ್ಟದ್ದರಲ್ಲಿ ತೆಗೆದರು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ನಗದು ವಿಭಾಗದಲ್ಲಿ ಕೂತವಳಿಗೆ ಇಂಥದ್ದು ತಿಳಿಯದೆ ಇರುತ್ತದೆಯೇ?

ಸೋಮವಾರ ಬೆಳಿಗ್ಗೆ ತಂಗಿ ರಜೆ ಹಾಕಿ ಬ್ಯಾಂಕಿಗೆ ಬಂದಳು. ಕೈಯಲ್ಲಿ ಫೋನು ಹಿಡಿದು, "ಅಕ್ಕಾ, ಇದರಲ್ಲಿ ರೇಟು ನೋಡು. ನೀವು ಹೇಳೋದು ಬೇರೆ, ಇದು ಹೇಳೋದೇ ಬೇರೆ. ನಿಮ್ಮ ಬ್ಯಾಂಕು ಹಗಲು ದರೋಡೆ ಮಾಡುತ್ತೆ" ಅಂದಳು. ಮೂರು ಜನ ಗ್ರಾಹಕರು ತಿರುಗಿ ನೋಡಿ ಹೌದೆಂಬಂತೆ ತಲೆಯಾಡಿಸಿದರು.

"ಅದು ದೊಡ್ಡ ದೊಡ್ಡ ಬ್ಯಾಂಕುಗಳು ಕೋಟಿಗಟ್ಟಲೆ ತಂತಮ್ಮಲ್ಲೇ ಮಾರ್ಕೊಳ್ಳೋ ರೇಟು ಕಣೆ," ಅಕ್ಕ ಅಂದರು. "ಅದು ನಮ್ಮ ಬ್ಯಾಂಕಿಗೇ ಸಿಗಲ್ಲ, ಇನ್ನು ನಿನಗೆಲ್ಲಿ? ಅವರು ತಮ್ಮ ಲಾಭ ಇಟ್ಕೊಂಡು ನಮ್ಮ ಹೆಡ್ಡಾಫೀಸಿಗೆ ಕೊಡ್ತಾರೆ. ಹೆಡ್ಡಾಫೀಸು ತನ್ನದಿಷ್ಟು ಇಟ್ಕೊಂಡು ನಮಗೆ ಹೇಳುತ್ತೆ."

"ನೀನೆಷ್ಟು ಇಟ್ಕೋತೀಯ?"

"ನಾನು ಸಂಬಳ ಇಟ್ಕೋತೀನಿ."

ಇನ್ನೊಂದು ಪ್ರಶ್ನೆ ಇತ್ತು. ಡಾಲರಿನಲ್ಲಿ ಕಳಿಸಬೇಕೋ, ಆ ದೇಶದ ನಾಣ್ಯದಲ್ಲೋ? ಡಾಲರಿನಲ್ಲಿ ಕಳಿಸಿದರೆ ಬೇಗ ಹೊರಡುತ್ತದೆ. ಆದರೆ ಕೊನೆಗೆ ಸ್ಕೂಲಿನ ಬ್ಯಾಂಕು ಅದನ್ನು ತನ್ನಿಷ್ಟದ ರೇಟಿಗೆ ಬದಲಿಸುತ್ತದೆ. ನಾಲ್ಕು ಕಾಸು ಕಡಿಮೆ ಬಿದ್ದರೂ ಫೀಸು ಪೂರ್ತಿ ಬಂದಿಲ್ಲ ಅನ್ನುತ್ತಾರೆ. ಆ ದೇಶದ ನಾಣ್ಯದ ಡಬ್ಬಿ ನಮ್ಮ ಬ್ಯಾಂಕಿಗಿಲ್ಲ, ಹಾಗಾಗಿ ದೊಡ್ಡಮ್ಮನೇ ನಮ್ಮ ಡಾಲರ್ ಬದಲಿಸಿ ಕೊಡಬೇಕು. ರೇಟು ಇವತ್ತೇ ಗಟ್ಟಿಯಾಗುತ್ತದೆ, ಸೇರಬೇಕಾದ ಮೊತ್ತ ಪೈಸೆ ತಪ್ಪದೆ ಸೇರುತ್ತದೆ. ಆದರೆ ಹಾಗೆ ಬದಲಿಸಿದ ನಾಣ್ಯ ಕೈಗೆ ಬರುವುದು ಎರಡು ಕೆಲಸದ ದಿನ ಕಳೆದ ಮೇಲೆ. ಸೋಮವಾರ ಕಳಿಸಿದರೆ ಬುಧವಾರ. ಶುಕ್ರವಾರದವರೆಗೆ ಬೇಕಾದಷ್ಟು ಸಮಯವಿತ್ತು. ಅಕ್ಕ ಅದನ್ನೇ ಆರಿಸಿದರು. ಖರ್ಚೆಲ್ಲ ನಮ್ಮದೇ ಎಂದು ಗುರುತು ಹಾಕಿಸಿದರು. ಇಲ್ಲಿಯವರೆಗೆ ಒಂದು ತಪ್ಪೂ ಇಲ್ಲ.

ಆಮೇಲೆ ಅಕ್ಕ ಫೈಲನ್ನು ಎತ್ತಿ ಚಿಕ್ಕ ಸಾಹೇಬರ ಮೇಜಿಗೆ ಇಟ್ಟರು. ಚಿಕ್ಕ ಸಾಹೇಬರೆಂದರೆ ನಮ್ಮ ಅಸಿಸ್ಟೆಂಟ್ ಮ್ಯಾನೇಜರು. ನಮ್ಮಲ್ಲಿ ಒಂದು ನಿಯಮವಿದೆ. ಬೇರೊಂದು ಶಾಖೆಯಲ್ಲಿ ಯಾರೋ ತನ್ನ ಭಾವಮೈದುನನ ಖಾತೆಯಲ್ಲಿ ಕೈಯಾಡಿಸಿದ ಮೇಲೆ ಬಂದದ್ದು. ಸಿಬ್ಬಂದಿ ತಮ್ಮ ಅಥವಾ ತಮ್ಮ ಮನೆಯವರ ಯಾವ ವ್ಯವಹಾರವನ್ನೂ ಮಾಡಬಾರದು, ತೆರೆಯಬಾರದು, ಅದಕ್ಕೆ ಉತ್ತರ ಬರೆಯಬಾರದು. ಬರೆದರೆ ವಿಚಾರಣೆ. ಉಳಿದವರೆಲ್ಲ ಆ ನಿಯಮವನ್ನು ಓದಿ ಸಹಿ ಮಾಡಿದೆವು. ಅಕ್ಕ ಓದಿ, ಸಹಿ ಮಾಡಿ, ಪಾಲಿಸಿದರು. ಚಿಕ್ಕ ಸಾಹೇಬರು ಆಕೆಯ ಕಂಪ್ಯೂಟರಿನಲ್ಲಿ ಕೂತು ತಮ್ಮ ಹೆಸರಿನಲ್ಲಿ ಒಳಗೆ ಹೋಗಿ ಟೈಪು ಮಾಡುವಾಗ, ಆಕೆ ಕುರ್ಚಿ ತಿರುಗಿಸಿ ಗೋಡೆ ನೋಡುತ್ತಾ ಕೂತಿದ್ದರು. ನಾನು ಟೀ ಕೊಡಲು ಹೋದವಳು, "ಏನಕ್ಕಾ, ಸ್ಕೂಲಲ್ಲಿ ಶಿಕ್ಷೆ ಕೊಟ್ಟಂಗಿದೆ?" ಅಂದೆ. ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಅಂದರು.

ಚಿಕ್ಕ ಸಾಹೇಬರು ಒಳ್ಳೆಯವರೇ. ಸಾಲದ ಕಾಗದವಾದರೆ ಅಲ್ಪವಿರಾಮವನ್ನೂ ಬಿಡದೆ ಓದುತ್ತಾರೆ. ಹೊರದೇಶದ ಸಂದೇಶ ಅಂದರೆ ಮಾತ್ರ ಬಿಸಿ ಪಾತ್ರೆ ಮುಟ್ಟಿದಂತೆ ಮಾಡುತ್ತಾರೆ. ಹಣದ ಉದ್ದೇಶ ಎಂಬಲ್ಲಿ "ಫೀಸು" ಎಂದು ಹಾಕಿದರು, ಅಷ್ಟೇ. ಯಾವ ಫೀಸು, ಯಾರ ಫೀಸು ಎಂದು ಇಲ್ಲ. ಕಳಿಸುವವರ ವಿಳಾಸದಲ್ಲಿ ಬೀದಿಯ ಹೆಸರಷ್ಟೇ ಹಾಕಿದರು. ಮ್ಯಾನೇಜರ್ ಸಾಹೇಬರು ಮೊತ್ತ ನೋಡಿ, ಖಾತೆ ನಂಬರು ನೋಡಿ ಒಪ್ಪಿಗೆ ಒತ್ತಿದರು. ಗೋಡೆ ನೋಡುತ್ತಾ ಕೂತ ಅಕ್ಕನಿಗೆ ಇದು ಕಾಣಲಿಲ್ಲ. ಬೇರೆ ಯಾರ ಫಾರಂ ಆಗಿದ್ದರೂ ಆಕೆ ಹಾಗೆ ಬಿಡುತ್ತಿರಲಿಲ್ಲ.

ಮಂಗಳವಾರ, ಬುಧವಾರ ತಂಗಿ ನನಗೆ ಫೋನು ಮಾಡಿದಳು. ಅಕ್ಕನನ್ನು ಕೇಳಿದರೆ "ದಾರೀಲಿದೆ" ಅನ್ನುತ್ತಿದ್ದರಂತೆ. ದುಡ್ಡು ಎಲ್ಲಿದೆ ಎಂದು ತೋರಿಸುವ ಒಂದು ಪರದೆ ನಮ್ಮಲ್ಲಿದೆ. ಕಳಿಸಿದ ಪ್ರತಿ ಹಣಕ್ಕೂ ಒಂದು ಉದ್ದನೆಯ ನಂಬರು. ಅದನ್ನು ಒತ್ತಿದರೆ ಈಗ ಯಾವ ಬ್ಯಾಂಕಿನಲ್ಲಿದೆ, ಹೊರಟಿದೆಯೋ ನಿಂತಿದೆಯೋ ಗೊತ್ತಾಗುತ್ತದೆ. ಅಕ್ಕ ಅದನ್ನೂ ಒತ್ತಲಿಲ್ಲ. "ತೆರೆಯಬಾರದು ಅಂತಿದೆ" ಅಂದರು. ಮನೆಯಲ್ಲಿ ಆ ಎರಡೂ ರಾತ್ರಿ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡದೆ ಉಂಡರೆಂದು ಆಮೇಲೆ ತಿಳಿಯಿತು.

ಗುರುವಾರ ಬೆಳಿಗ್ಗೆ ಅಕ್ಕನ ಕಂಪ್ಯೂಟರಿನಲ್ಲಿ ಹೆಡ್ಡಾಫೀಸಿನಿಂದ ಒಂದು ಪ್ರಶ್ನೆ ಬಂತು. ಇಂಥ ಪ್ರಶ್ನೆ ಬಂದರೆ ಅದು ತಾನಾಗಿ ಹೊರದೇಶದ ಮೇಜಿಗೇ ಬಂದು ಕೂರುತ್ತದೆ, ಆ ಮೇಜಿನಲ್ಲಿರುವುದು ಆಕೆಯೊಬ್ಬರೇ. ತಲೆಬರಹದಲ್ಲಿ ತಂಗಿಯ ಫೀಸಿನ ನಂಬರು. ಅದರ ಮುಂದೆ: "ಹಣ ತಡೆಹಿಡಿಯಲಾಗಿದೆ, ಮಾಹಿತಿ ಬೇಕು."

ಅಕ್ಕ ಅದನ್ನು ತೆರೆಯಲಿಲ್ಲ. ಹಾಗೇ ಚಿಕ್ಕ ಸಾಹೇಬರಿಗೆ ದಾಟಿಸಿದರು. ಚಿಕ್ಕ ಸಾಹೇಬರು ತಲೆಬರಹ ನೋಡಿ, ಓಹೋ ಫಾರಿನ್ ವಿಷಯ ಎಂದು, ಅಭ್ಯಾಸಬಲದಿಂದ ಆಕೆಗೇ ಹಿಂತಿರುಗಿಸಿದರು. "ಸಂಬಂಧಪಟ್ಟ ಮೇಜಿಗೆ" ಎಂದು ಷರಾ. ಅಕ್ಕ "ಸಿಬ್ಬಂದಿಯ ಸ್ವಂತ ವ್ಯವಹಾರ, ದಯವಿಟ್ಟು ತಾವೇ ನೋಡಿ" ಎಂದು ಬರೆದು ಮತ್ತೆ ದಾಟಿಸಿದರು. ಅಷ್ಟರಲ್ಲಿ ಮಧ್ಯಾಹ್ನವಾಗಿ, ಚಿಕ್ಕ ಸಾಹೇಬರೂ ಮ್ಯಾನೇಜರ್ ಸಾಹೇಬರೂ ಒಂದೇ ಕಾರಿನಲ್ಲಿ ವಲಯ ಕಚೇರಿಯ ಸಭೆಗೆ ಹೊರಟುಹೋಗಿದ್ದರು. ಸಭೆಯ ವಿಷಯ ಗ್ರಾಹಕರಿಗೆ ತ್ವರಿತ ಸೇವೆ. ಫೋನು ಆಫ್ ಮಾಡಿಸಿದ್ದರು. ಕೈಗೆ ಸಿಗದವರ ಕೆಲಸ ಮೂಲ ಮೇಜಿಗೇ ವಾಪಸ್ಸಾಗುವಂತೆ ಕಂಪ್ಯೂಟರಿನಲ್ಲಿ ಏರ್ಪಾಡಿದೆ. ಊಟ ಮುಗಿಸಿ ಬಂದು ಕೂತಾಗ ಅದೇ ತಲೆಬರಹ ಅಕ್ಕನ ಪರದೆಯ ಮೇಲೆ ಮೂರನೇ ಸಲ ಬಂದಿತ್ತು.

ನಾನು ಕೌಂಟರು ಮುಚ್ಚಿ ಒಳಗೆ ಹೋದೆ. ಆಕೆ ಗೋಡೆಯ ಗಡಿಯಾರಗಳನ್ನು ನೋಡುತ್ತಾ ಕೂತಿದ್ದರು.

"ಹೆಡ್ಡಾಫೀಸಿಗೆ ಫೋನು ಮಾಡಿ ಅಕ್ಕಾ."

"ಮಾಡ್ದೆ. ಶಾಖೆಯಿಂದ ಉತ್ತರ ಬರದೆ ನಾವೇನೂ ಮಾಡಕ್ಕಾಗಲ್ಲ ಅಂದ್ರು."

"ನಾಳೆ ಬೆಳಿಗ್ಗೆ ಸಾಹೇಬ್ರು ಬಂದು ಮಾಡಿದ್ರೆ?"

"ಆಗಲ್ಲ." ಆಕೆ ಒಂದೊಂದೇ ಗಡಿಯಾರ ತೋರಿಸಿದರು. "ತಡೆದಿರೋದು ಪೂರ್ವದ ಚಿಕ್ಕಮ್ಮ. ಅವಳು ನಮ್ಮನ್ನ ಕಂಡಿಲ್ಲ, ದೊಡ್ಡಮ್ಮನ್ನೇ ಕೇಳಿದಾಳೆ. ನಮ್ಮ ಉತ್ತರನೂ ದೊಡ್ಡಮ್ಮನ ಮೂಲಕವೇ ಹೋಗ್ಬೇಕು. ದೊಡ್ಡಮ್ಮ ಏಳೋದು ನಮ್ಮ ಸಂಜೆ. ಇವತ್ತು ಸಂಜೆ ಅವಳ ಕೈಲಿದ್ರೆ ಅವಳು ಚಿಕ್ಕಮ್ಮನಿಗೆ ದಾಟಿಸ್ತಾಳೆ, ನಾಳೆ ಬೆಳಿಗ್ಗೆ ಚಿಕ್ಕಮ್ಮ ಎದ್ದು ನೋಡ್ತಾಳೆ. ನಾಳೆ ಬೆಳಿಗ್ಗೆ ನಾವು ಬರೆದ್ರೆ, ದೊಡ್ಡಮ್ಮ ಏಳೋ ಹೊತ್ತಿಗೆ ಚಿಕ್ಕಮ್ಮನ ಶುಕ್ರವಾರ ಮುಗಿದಿರುತ್ತೆ. ಆಮೇಲೆ ಸೋಮವಾರ."

ಇಷ್ಟು ವಿವರವಾಗಿ ಎಲ್ಲ ಗೊತ್ತಿದ್ದವರು ಕೈಕಟ್ಟಿ ಕೂತಿದ್ದಾರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. "ಹಾಗಾದ್ರೆ ತೆರೀರಿ! ನಿಯಮ ಮಾಡಿದವರು ಬಂದು ತಂಗಿಗೆ ಸೀಟು ಕೊಡಿಸ್ತಾರಾ?" ಅಂದೆ. ಆಕೆ ಮೇಜಿನ ಮೇಲಿದ್ದ ಲೋಟದ ಮುಚ್ಚಳ ತೆಗೆದರು, ಮತ್ತೆ ಮುಚ್ಚಿದರು.

ಆಗ ತಂಗಿ ಬಂದಳು. ಆಸ್ಪತ್ರೆಯಿಂದ ನೇರ ಬಂದಿದ್ದಳು, ಏಪ್ರನ್ನೂ ಬಿಚ್ಚಿರಲಿಲ್ಲ. ಸ್ಕೂಲಿನವರಿಂದ ಪತ್ರ ಬಂದಿದೆ, ಇನ್ನೂ ಏನೂ ಜಮಾ ಆಗಿಲ್ಲ ಎಂದಳು. ನಾನು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ಹೇಳಬಾರದಿತ್ತು ಎಂದು ಯಾರಾದರೂ ಅಂದರೆ ಅವರ ಜೊತೆ ಜಗಳಕ್ಕೆ ಈಗಲೂ ಸಿದ್ಧ.

"ವಾಪಸ್ ತರಿಸು," ತಂಗಿ ಅಂದಳು. "ಕ್ಯಾನ್ಸಲ್ ಮಾಡು. ಬೇರೆ ಬ್ಯಾಂಕಲ್ಲಿ ಕಳಿಸ್ತೀನಿ."

"ವಾಪಸ್ ತರಿಸೋದೂ ಸಂದೇಶನೇ. ಅದೇ ದಾರೀಲಿ ಅದೇ ಮನೆಗಳನ್ನ ಹತ್ತಿ ಇಳಿದು ಹೋಗ್ಬೇಕು. ಅವರು ಒಪ್ಪಿ ವಾಪಸ್ ಕೊಟ್ರೆ ಬ್ಯಾಂಕು ಕೊಳ್ಳೋ ಕಡಿಮೆ ರೇಟಲ್ಲಿ ಬರುತ್ತೆ, ಕೂಲಿನೂ ಮುರ್ಕೋತಾರೆ. ನಿನ್ನ ಫೀಸಿಗೆ ಸಾಲಲ್ಲ. ಹೊಸದಾಗಿ ಕಳಿಸಿದ್ರೂ ನಾಳೆಗೆ ಸೇರಲ್ಲ."

"ಎಲ್ಲಾ ಗೊತ್ತು ನಿಂಗೆ. ಅಲ್ವಾ?" ತಂಗಿಯ ದನಿ ಇಳಿಯಿತು. ನನಗೆ ಅವಳು ಕೂಗಿದ್ದರೇ ಚೆನ್ನಾಗಿತ್ತು ಅನ್ನಿಸಿತು. "ಒಂದು ಮಾತು ಕೇಳ್ತೀನಿ, ನಿಜ ಹೇಳು. ನಾನು ಹೋಗೋದು ನಿಂಗೆ ಇಷ್ಟ ಇಲ್ಲ."

ಅಕ್ಕ ಅವಳನ್ನೇ ನೋಡಿದರು. ಹೊರಗೆ ಯಾರೋ ಸ್ಕೂಟರಿಗೆ ಒದೆಯುತ್ತಿದ್ದರು, ಅದು ಹೊತ್ತಿಕೊಳ್ಳುತ್ತಿರಲಿಲ್ಲ.

"ಇಲ್ಲ," ಅಂದರು. "ಇಷ್ಟ ಇಲ್ಲ. ನೀನು ಹೋದ್ರೆ ಮನೇಲಿ ನಾನೊಬ್ಬಳೇ. ಒಬ್ಬಳಿಗೆ ಅಡುಗೆ ಎಷ್ಟು ಹಾಕ್ಬೇಕು ಅಂತಾನೂ ನಂಗೆ ಗೊತ್ತಿಲ್ಲ."

ತಂಗಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಳು. ನನಗೆ ಸಮಾಧಾನ ಮಾಡಲು ಬರದೆ ಫ್ಯಾನಿನ ಸ್ವಿಚ್ಚು ಹಾಕಿದೆ. ಮೇಜಿನ ಮೇಲಿನ ಕಾಗದಗಳೆಲ್ಲ ಹಾರಿದವು, ಮತ್ತೆ ಆರಿಸಿದೆ.

ಅಕ್ಕ ಕುರ್ಚಿಯನ್ನು ಪರದೆಯ ಕಡೆ ತಿರುಗಿಸಿದರು, ಆ ಪ್ರಶ್ನೆಯನ್ನು ತೆರೆದರು.

ನಾನು ಹೆಗಲ ಮೇಲಿಂದ ಓದಿದೆ. ಅಂಥ ಭಯಂಕರವಾದದ್ದೇನೂ ಇರಲಿಲ್ಲ. ಹಣ ಕಳಿಸಿದವರ ಖಾತೆಗೂ ಸ್ಕೂಲಿಗೂ ಇರುವ ಸಂಬಂಧ ಸಂದೇಶದಿಂದ ತಿಳಿಯುತ್ತಿಲ್ಲ, ಆದ್ದರಿಂದ ತಪಾಸಣೆಗಾಗಿ ತಡೆಹಿಡಿಯಲಾಗಿದೆ ಎಂದು ಮೊದಲು. ಕಳಿಸಿದವರ ಪೂರ್ತಿ ವಿಳಾಸ ಕೊಡಿ. ಉದ್ದೇಶ ವಿವರಿಸಿ. ಯಾವ ವಿದ್ಯಾರ್ಥಿಯ ಪರವಾಗಿ ಈ ಹಣ? ಕೊನೆಯದಾಗಿ, ಹಣ ಕಳಿಸಿದವರು ವಿದ್ಯಾರ್ಥಿಗೆ ಏನಾಗಬೇಕು?

ಅಕ್ಕ ಟೈಪು ಮಾಡತೊಡಗಿದರು. ಮನೆಯ ನಂಬರು, ಬೀದಿ, ಊರು. ಕೃತಕ ಅಂಗ ತಯಾರಿಕೆಯ ತರಬೇತಿಯ ಪ್ರವೇಶ ಶುಲ್ಕ. ತಂಗಿಯ ಪೂರ್ತಿ ಹೆಸರು, ಸ್ಕೂಲು ಕೊಟ್ಟ ಪ್ರವೇಶ ಸಂಖ್ಯೆ. ಪ್ರವೇಶಪತ್ರದ ಪ್ರತಿಯನ್ನು ಲಗತ್ತಿಸಿದರು. ಕೊನೆಯ ಪ್ರಶ್ನೆಗೆ ಬಂದಾಗ ಕೈ ನಿಂತಿತು. ನಾನು ಕಾದೆ. ಜಡೆ ಹಾಕಿದವರು, ಸಾಕಿದವರು, ಓದಿಸಿದವರು, ಎಷ್ಟು ಬರೆದರೂ ಜಾಗವಿತ್ತು ಅಲ್ಲಿ. ಆಕೆ "ಅಕ್ಕ" ಎಂಬರ್ಥದ ಒಂದೇ ಇಂಗ್ಲಿಷ್ ಮಾತು ಬರೆದರು.

"ಅಷ್ಟೇನಾ?" ಅಂದೆ.

"ಅವರು ಕೇಳಿರೋದು ಅಷ್ಟೇ."

ಇಂಥ ಉತ್ತರಕ್ಕೆ ಎರಡನೆಯವರ ಒಪ್ಪಿಗೆ ಬೇಕಿಲ್ಲ, ದುಡ್ಡು ಕಳಿಸುವುದಕ್ಕೆ ಮಾತ್ರ ಬೇಕು. ಉತ್ತರ ಕಳಿಸಿದವರ ಜಾಗದಲ್ಲಿ ಆಕೆಯ ಹೆಸರೂ ನೌಕರಿಯ ಸಂಖ್ಯೆಯೂ ತಾನಾಗಿ ಬಂದು ಕೂತವು. ಯಾವ ವಿಚಾರಣಾಧಿಕಾರಿಗೂ ಹುಡುಕುವ ಕಷ್ಟ ಕೊಡದಂತೆ ಬಂದು ಕೂತವು. ಆಕೆ ಅದನ್ನು ಒಂದು ಸಲ ಓದಿ, ಕಳಿಸುವ ಗುಂಡಿ ಒತ್ತಿದರು. ಆಮೇಲೆ ಹೆಡ್ಡಾಫೀಸಿಗೆ ಫೋನು ಮಾಡಿ, "ಒಂದು ಉತ್ತರ ಕಳಿಸಿದೀನಿ, ಇವತ್ತೇ ಮುಂದೆ ಹೋಗ್ಬೇಕು. ಹೌದು, ನನ್ನದೇ ದುಡ್ಡು. ಹೌದು, ನಿಯಮ ಗೊತ್ತು" ಅಂದರು. ಆ ಕಡೆಯವರು ಕಳಿಸುತ್ತೇವೆ ಎಂದರಂತೆ. ಅವರಿಗೂ ಮನೆಮಠ ಇರುತ್ತದಲ್ಲ.

ಅಕ್ಕತಂಗಿ ಒಟ್ಟಿಗೆ ಮನೆಗೆ ಹೊರಟರು. ತಂಗಿ ಏಪ್ರನ್ನಿನಲ್ಲೇ ಹೋದಳು.

ಶುಕ್ರವಾರ ಬೆಳಿಗ್ಗೆ ಅಕ್ಕ ಮಾಮೂಲಿನಂತೆ ಬಂದು, ಮಾಮೂಲಿನಂತೆ ಕೂತು, ಬೇರೆಯವರ ಕೆಲಸ ಮಾಡುತ್ತಿದ್ದರು. ನಾನು ಗಾಜಿನ ಹಿಂದಿನಿಂದ ಗಳಿಗೆಗೊಮ್ಮೆ ತಿರುಗಿ ನೋಡುತ್ತಿದ್ದೆ. ಒಬ್ಬರು ಮುದುಕರಿಗೆ ಒಂದು ನೋಟು ಹೆಚ್ಚು ಕೊಟ್ಟೆ, ಅವರೇ ವಾಪಸು ಕೊಟ್ಟು ಬುದ್ಧಿ ಹೇಳಿ ಹೋದರು. ಮಧ್ಯಾಹ್ನವಾಗುವ ಮೊದಲು ತಂಗಿಯ ಫೋನು ಬಂತು, ನನಗೆ ಬಂತು, ಅಕ್ಕನಿಗಲ್ಲ. ಅಕ್ಕ ಬ್ಯಾಂಕಿನ ಹೊತ್ತಿನಲ್ಲಿ ಮನೆಯ ಫೋನು ಎತ್ತುವುದಿಲ್ಲವಲ್ಲ. ಸ್ಕೂಲಿನವರು ಬರೆದಿದ್ದಾರೆ, ಪೂರ್ತಿ ಜಮಾ ಆಗಿದೆ, ಪೈಸೆಯೂ ಕಡಿಮೆಯಿಲ್ಲ, ಸೀಟು ನನ್ನದು ಎಂದು ಒಂದೇ ಉಸಿರಿನಲ್ಲಿ ಹೇಳಿ, ಅತ್ತು, ಫೋನಿಟ್ಟಳು.

ನಾನು ಹೋಗಿ ಹೇಳಿದೆ. ಅಕ್ಕ "ಸರಿ" ಅಂದರು. ಆಮೇಲೆ ಕನ್ನಡಕ ತೆಗೆದು, ಮುಖ ತೊಳೆದುಕೊಂಡು ಬರುತ್ತೇನೆ ಎಂದು ಎದ್ದು ಹೋದರು. ಬಹಳ ಹೊತ್ತು ಬರಲಿಲ್ಲ. ಕೌಂಟರಿನಲ್ಲಿದ್ದವನೊಬ್ಬ ಹೊರದೇಶದ ಮೇಡಂ ಎಲ್ಲಿ ಎಂದು ಗೊಣಗಿದ. ಅವನಿಗೆ ನಾನು ಏನಂದೆ ಎಂದು ಇಲ್ಲಿ ಬರೆಯುವಂತಿಲ್ಲ.

ಮುಂದಿನ ವಾರ ವಿಚಾರಣೆ ನಡೆಯಿತು. ಮ್ಯಾನೇಜರ್ ಸಾಹೇಬರ ಕೋಣೆ, ವಲಯ ಕಚೇರಿಯಿಂದ ಬಂದ ಒಬ್ಬ ಅಧಿಕಾರಿ, ಸಾಕ್ಷಿಯಾಗಿ ನಾನು. ಅಧಿಕಾರಿ ಕಟುಕನಲ್ಲ, ಸುಸ್ತಾದ ಮನುಷ್ಯ. ಮೋಸ ಇಲ್ಲ, ನಷ್ಟ ಇಲ್ಲ ಎಂದು ಅವರಿಗೂ ಕಂಡಿತ್ತು. ನಿಯಮ ಮುರಿದದ್ದು ಮಾತ್ರ ನಿಜ. ವರ್ಷದ ವೇತನ ಬಡ್ತಿ ನಿಲ್ಲುತ್ತದೆ, ಹೊರದೇಶದ ಮೇಜು ಬಿಡಬೇಕಾಗುತ್ತದೆ. ಅಕ್ಕ ಎಲ್ಲದಕ್ಕೂ ಹೂಂ ಅಂದರು.

ಅಧಿಕಾರಿ ಪೆನ್ನು ಮುಚ್ಚಿದರು. ಅವರಿಗೆ ಒಂದು ವಿಷಯ ಅರ್ಥವಾಗಿರಲಿಲ್ಲವೆಂದು ಕಾಣುತ್ತದೆ.

"ಇಷ್ಟು ವರ್ಷದ ಸರ್ವಿಸು ನಿಮ್ಮದು. ಒಂದು ಕಪ್ಪು ಚುಕ್ಕೆ ಇಲ್ಲ. ನೀವು ಅದನ್ನ ತೆರೀದೆ ಸುಮ್ನೆ ಬಿಟ್ಟಿದ್ರೆ ತಡ ಆಗಿದ್ದು ಆ ಬ್ಯಾಂಕಿನ ತಪ್ಪು ಆಗ್ತಿತ್ತು, ಇಲ್ಲಾ ನಮ್ಮ ತಪ್ಪು ಆಗ್ತಿತ್ತು. ಯಾರೂ ನಿಮ್ಮ ಕಡೆ ಬೆರಳು ತೋರಿಸ್ತಿರಲಿಲ್ಲ. ನಿಮ್ಮ ತಂಗಿ ಕೂಡ ಏನೂ ಹೇಳೋಹಾಗಿರಲಿಲ್ಲ."

"ಹೌದು ಸರ್," ಅಕ್ಕ ಅಂದರು. "ಅವಳು ಹೋಗೋದು ನಂಗೆ ಇಷ್ಟ ಇರ್ಲಿಲ್ಲ. ಅದಕ್ಕೇ ಭಯ ಆಯ್ತು."